ಐಸ್ ಬಿಟ್ಟ ಮಾಂಸವನ್ನು ಮತ್ತೆ ಫ್ರೀಜರ್‌ಗೆ ಇಡಬಹುದಾ?

ಈ ಬಟ್ಟಲು ನೋಡಿ. ಒಂದು ಕೆಜಿ ಚಿಕನ್. ನಿನ್ನೆ ಬೆಳಿಗ್ಗೆ ಫ್ರೀಜರ್‌ನಿಂದ ತೆಗೆದು ಫ್ರಿಜ್ ಒಳಗೆ ಕೆಳಗಡೆ ಇಟ್ಟಿದ್ದೆ. ಈಗ ಪೂರ್ತಿ ಮೆತ್ತಗಾಗಿದೆ. ಆದರೆ ಇವತ್ತು ನನಗೆ ಅರ್ಧ ಕೆಜಿ ಸಾಕು. ಉಳಿದದ್ದನ್ನು ಮತ್ತೆ ಫ್ರೀಜ್ ಮಾಡಬಹುದಾ?

ಮಾಡಬಹುದು. ಐಸ್ ಬಿಟ್ಟಿದ್ದು ಫ್ರಿಜ್ ಒಳಗೇ ಅಲ್ವಾ, ಅದಕ್ಕೇ.

ಫ್ರೀಜರ್‌ನ ಚಳಿಗೆ ಬ್ಯಾಕ್ಟೀರಿಯಾ ಸಾಯುತ್ತವೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹೆಚ್ಚಿನವು ಸಾಯುವುದಿಲ್ಲ, ಸುಮ್ನೆ ಮಲಗಿರುತ್ತವೆ. ಐಸ್ ಬಿಟ್ಟ ಮೇಲೆ ಎದ್ದು ಬೆಳೆಯೋಕೆ ಶುರು ಮಾಡುತ್ತವೆ. 4 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಆ ಬೆಳವಣಿಗೆ ತುಂಬಾ ನಿಧಾನ. ಅಡುಗೆಮನೆ ಕಟ್ಟೆಯ ಮೇಲೆ ಹಾಗಲ್ಲ. ಮಾಂಸದ ಹೊರಭಾಗ ಬೆಚ್ಚಗಾಗಿರುತ್ತದೆ, ಒಳಗೆ ಇನ್ನೂ ಕಲ್ಲಿನಂತೆ ಇರುತ್ತದೆ. ಮುಟ್ಟಿ ನೋಡಿ ತಣ್ಣಗಿದೆ ಅಂದುಕೊಳ್ಳುತ್ತೇವೆ, ಅಷ್ಟರಲ್ಲಿ ಹೊರಗಡೆ ಬ್ಯಾಕ್ಟೀರಿಯಾ ಜಾಸ್ತಿ ಆಗಿರುತ್ತವೆ. ಮತ್ತೆ ಫ್ರೀಜ್ ಮಾಡಿದರೆ ಅವೂ ಹಾಗೇ ಉಳಿಯುತ್ತವೆ. ಮುಂದಿನ ಸಲ ಶುರುವಾಗುವುದೇ ಆ ಹೆಚ್ಚಿದ ಲೆಕ್ಕದಿಂದ.

ಹಾಗಾಗಿ ಹೊರಗೆ ಎರಡು ಗಂಟೆಗಿಂತ ಹೆಚ್ಚು ಇದ್ದ ಮಾಂಸ ಬೇಡ. 32 ಡಿಗ್ರಿ ದಾಟಿದ ಸೆಕೆಯಲ್ಲಿ ಒಂದೇ ಗಂಟೆ. ಚೆನ್ನಾಗಿ ಬೇಯಿಸಿದರೆ ಆಯ್ತಲ್ಲ ಅನ್ನಬೇಡಿ. ಕೆಲವು ಬ್ಯಾಕ್ಟೀರಿಯಾ ಬಿಟ್ಟ ವಿಷ ಕುದಿಸಿದರೂ ಹೋಗುವುದಿಲ್ಲ. ವಾಸನೆ ಬಂದಿಲ್ಲ ಅನ್ನುವುದೂ ನಂಬಿಕೆಗೆ ಸಾಲದು, ಕಾಯಿಲೆ ತರುವವು ವಾಸನೆ ತರಲೇಬೇಕು ಅಂತೇನಿಲ್ಲ.

ತಣ್ಣೀರಿನಲ್ಲೋ ಮೈಕ್ರೋವೇವ್‌ನಲ್ಲೋ ಐಸ್ ಬಿಡಿಸಿದ್ದರೆ? ಹಸಿಯಾಗಿ ವಾಪಸ್ ಇಡಬೇಡಿ. ಆಗಲೇ ಬೇಯಿಸಿ, ಬೆಂದದ್ದನ್ನು ಬೇಗ ಆರಿಸಿ ಫ್ರೀಜ್ ಮಾಡಿ.

ಈಗ ಬಟ್ಟಲನ್ನು ಸ್ವಲ್ಪ ವಾಲಿಸುತ್ತೇನೆ. ತಳದಲ್ಲಿ ಗುಲಾಬಿ ಬಣ್ಣದ ನೀರು ಕಾಣುತ್ತಾ? ಅದು ಮಾಂಸದೊಳಗಿದ್ದ ರಸ. ನಿಧಾನವಾಗಿ ಹೆಪ್ಪುಗಟ್ಟುವಾಗ ಒಳಗೆ ದೊಡ್ಡ ಐಸ್ ಹರಳುಗಳಾಗಿ ಎಳೆಗಳನ್ನು ಹರಿಯುತ್ತವೆ. ಐಸ್ ಬಿಟ್ಟಾಗ ರಸ ಸೋರುತ್ತದೆ. ಎರಡನೇ ಸಲ ಇನ್ನಷ್ಟು ಸೋರಿ, ಬೆಂದ ಮೇಲೆ ತುಂಡು ಒಣಕಲಾಗಿ ನಾರುನಾರಾಗುತ್ತದೆ. ಇದರಿಂದ ಹೊಟ್ಟೆ ಕೆಡುವುದಿಲ್ಲ, ರುಚಿ ಮಾತ್ರ ಹೋಗುತ್ತದೆ. ಅದಕ್ಕೆ ಇಂಥ ಮಾಂಸವನ್ನು ನಾನು ಹುರಿಯುವುದಿಲ್ಲ, ಗ್ರೇವಿಯಲ್ಲೇ ಬೇಯಿಸುತ್ತೇನೆ.

ಫ್ರಿಜ್‌ನಲ್ಲಿ ಐಸ್ ಬಿಟ್ಟ ಚಿಕನ್ ಮತ್ತು ಕೀಮಾಗೆ ಒಂದೆರಡು ದಿನ ಸಮಯ, ಕುರಿ ಮಾಂಸದ ದೊಡ್ಡ ತುಂಡುಗಳಿಗೆ ಮೂರರಿಂದ ಐದು ದಿನ. ನನ್ನದಕ್ಕೆ ಒಂದು ದಿನವಾಗಿದೆ, ಹಾಗಾಗಿ ಈಗಲೇ ಇಡುತ್ತಿದ್ದೇನೆ. ನೀರು ಬಸಿದು, ಚೀಲದಲ್ಲಿ ತೆಳ್ಳಗೆ ಹರಡಿ, ಗಾಳಿ ಒತ್ತಿ ತೆಗೆಯುತ್ತೇನೆ. ತೆಳ್ಳಗಿದ್ದರೆ ಬೇಗ ಗಟ್ಟಿಯಾಗುತ್ತದೆ, ಹರಳು ಸಣ್ಣದಿರುತ್ತದೆ. ಮೇಲೆ ಇವತ್ತಿನ ತಾರೀಖು, ಜೊತೆಗೆ ‘ಎರಡನೇ ಸಲ’ ಅಂತ ಬರೆದು ಒಳಗಿಟ್ಟೆ.