ಎರಡನೆಯ ಚೆಂಡು

ಕೇಳುಗರಿಗೆ ನಮಸ್ಕಾರ. ಮೂರು ಚೆಂಡುಗಳನ್ನು ಒಂದರ ಹಿಂದೊಂದು ಎಸೆದು ಹಿಡಿಯುವ ಜಗ್ಲಿಂಗ್ ಕಲಿಯುವವರು ತಮಗೆ ಮೂರನೆಯ ಚೆಂಡು ಒಲಿಯುತ್ತಿಲ್ಲ ಎಂದುಕೊಳ್ಳುತ್ತಾರೆ. ಹೆಚ್ಚಿನ ಸಲ ಕೆಟ್ಟಿರುವುದು ಎರಡನೆಯ ಎಸೆತ. ಪಕ್ಕದಲ್ಲಿ ನಿಂತು ಹೇಳಿಕೊಡುವವರು ಇಲ್ಲದಾಗ ಅದನ್ನು ನಾವೇ ಗುರುತಿಸಿ ತಿದ್ದಿಕೊಳ್ಳುವುದು ಹೇಗೆ ಎಂದು ಇಂದು ನೋಡೋಣ.

ಟೆನಿಸ್ ಚೆಂಡು ಬೇಡ. ಅದು ಹಗುರ, ಅಂಗೈಗೆ ಬಡಿದು ಪುಟಿಯುತ್ತದೆ, ಬಿದ್ದರೆ ಮಂಚದ ಅಡಿಗೆ ಉರುಳುತ್ತದೆ. ಸಣ್ಣ ಪ್ಲಾಸ್ಟಿಕ್ ಕೊಟ್ಟೆಯಲ್ಲಿ 110 ಗ್ರಾಂ ರಾಗಿ ತುಂಬಿ ಬಿಗಿಯಾಗಿ ಸುತ್ತಿ. ಎರಡು ಬಲೂನುಗಳ ಕುತ್ತಿಗೆ ಕತ್ತರಿಸಿ, ಒಂದನ್ನು ಈ ಕಡೆಯಿಂದ, ಇನ್ನೊಂದನ್ನು ಆ ಕಡೆಯಿಂದ ತೊಡಿಸಿ. ಸಣ್ಣ ಮೋಸಂಬಿಯಷ್ಟು ದಪ್ಪದ ಚೆಂಡು ಆಗುತ್ತದೆ, ಬಿದ್ದಲ್ಲೇ ಕೂರುತ್ತದೆ. ಬರಿ ಬಟ್ಟೆಯಲ್ಲಿ ಹೊಲಿದರೆ ಕಾರವಾರದ ಮಳೆಗಾಲಕ್ಕೆ ರಾಗಿ ಮುಗ್ಗು ಹಿಡಿದೀತು.

ಕೋಣೆಯಲ್ಲಾದರೆ ಫ್ಯಾನ್ ನಿಲ್ಲಿಸಿ, ಮಂಚದ ಉದ್ದನೆಯ ಅಂಚಿಗೆ ಮುಖ ಮಾಡಿ ನಿಲ್ಲಿ. ಮೊಣಕೈ ಪಕ್ಕೆಯ ಹತ್ತಿರ, ಅಂಗೈ ಹೊಕ್ಕುಳಿನ ಮಟ್ಟದಲ್ಲಿ ಇರಲಿ. ಮೊದಲು ಒಂದೇ ಚೆಂಡು. ಕೈಯನ್ನು ಸ್ವಲ್ಪ ಒಳಗೆ ತಂದು ಎಸೆಯಿರಿ, ಕಣ್ಣಿನ ಮಟ್ಟಕ್ಕೇರಿ ಇನ್ನೊಂದು ಕೈಗೆ ಇಳಿಯಲಿ. ಈ ಏರಿಕೆ ಸುಮಾರು 60 ಸೆಂಟಿಮೀಟರ್, ಹೋಗಿ ಬರಲು ಮುಕ್ಕಾಲು ಸೆಕೆಂಡಿಗೂ ತುಸು ಕಡಿಮೆ. ಹೆಚ್ಚು ಸಮಯ ಸಿಗಲಿ ಎಂದು ಮೇಲೆ ಮೇಲೆ ಎಸೆಯಬೇಡಿ. ಎತ್ತರ ಇಮ್ಮಡಿಯಾದರೂ ಸಮಯ ಒಂದೂವರೆ ಪಟ್ಟೂ ಆಗುವುದಿಲ್ಲ, ಗುರಿ ಮಾತ್ರ ತಪ್ಪುತ್ತದೆ. ಮೂರು ಚೆಂಡಿಗೆ ಹಂಚಿನ ಮನೆಯ ತಗ್ಗು ಮಾಡಿನ ಕೋಣೆಯೂ ಸಾಕು.

ಇನ್ನು ಎರಡು ಚೆಂಡು, ಕೈಗೊಂದು. ಬಲಗೈಯ ಚೆಂಡು ತುದಿಗೇರಿ ಇನ್ನೇನು ಇಳಿಯಬೇಕು ಎನ್ನುವಾಗ ಎಡಗೈಯ ಚೆಂಡನ್ನು ಅದರ ಒಳಗಿನಿಂದ, ಅಷ್ಟೇ ಎತ್ತರಕ್ಕೆ ಎಸೆಯಿರಿ. ಇಲ್ಲಿಯೇ ಕೈ ಮೋಸ ಮಾಡುವುದು. ಬರುವ ಚೆಂಡಿಗೆ ಜಾಗ ಮಾಡುವ ಗಡಿಬಿಡಿಯಲ್ಲಿ ಎಡಗೈ ತನ್ನ ಚೆಂಡನ್ನು ಮೇಲೆ ಎಸೆಯದೆ ಬಲಗೈಗೆ ಅಡ್ಡ ದಾಟಿಸಿಬಿಡುತ್ತದೆ. ಎರಡೂ ಕೈಯಲ್ಲಿ ಚೆಂಡು ಇರುವುದರಿಂದ ಸರಿಯಾಯಿತೆಂದೇ ಅನಿಸುತ್ತದೆ. ಆದರೆ ಮೂರನೆಯದು ಬಂದಾಗ ಈ ದಾಟಿಸುವಿಕೆಗೆ ಸಮಯವೇ ಇರುವುದಿಲ್ಲ.

ತಪ್ಪನ್ನು ಕಿವಿಯಿಂದ ಹಿಡಿಯಿರಿ. ಸರಿಯಾಗಿದ್ದರೆ ಚೆಂಡು ಅಂಗೈ ಸೇರುವ ಸದ್ದು ‘ಟಪ್’, ಸ್ವಲ್ಪ ಬಿಟ್ಟು ಇನ್ನೊಂದು ‘ಟಪ್’ ಎಂದು ಕೇಳುತ್ತದೆ. ಎರಡೂ ಒಟ್ಟಿಗೆ ಕೇಳಿದರೆ ಅಡ್ಡ ದಾಟಿಸಿದ್ದೀರಿ, ಇಲ್ಲವೆ ಎರಡನ್ನೂ ಒಮ್ಮೆಲೇ ಎಸೆದಿದ್ದೀರಿ. ಚೆಂಡುಗಳು ನಡುವೆ ಡಿಕ್ಕಿ ಹೊಡೆದರೆ ಎರಡನೆಯದು ಒಳಗಿನಿಂದ ಹೋಗಿಲ್ಲ. ಎಡಗೈಯಿಂದ ಶುರುಮಾಡಿಯೂ ಅಷ್ಟೇ ಸಲ ಮಾಡಿ. ಹತ್ತರಲ್ಲಿ ಎಂಟು ಸಲ ಆ ಬಿಡುವು ಕೇಳುವವರೆಗೆ ಮೂರನೆಯ ಚೆಂಡನ್ನು ಮುಟ್ಟಬೇಡಿ.

ಮೂರಕ್ಕೆ ಬಂದಾಗ ಬಲಗೈಯಲ್ಲಿ ಎರಡು. ಒಂದನ್ನು ಕಿರುಬೆರಳು, ಉಂಗುರದ ಬೆರಳಿನಿಂದ ಅಂಗೈ ಬುಡಕ್ಕೆ ಒತ್ತಿ ಹಿಡಿಯಿರಿ, ಬೆರಳ ತುದಿಯಲ್ಲಿರುವುದು ಮೊದಲು ಹೋಗಲಿ. ಬಲ, ಎಡ, ಬಲ: ಮೂರು ಎಸೆತ, ಆಮೇಲೆ ನಿಲ್ಲಿಸಿ. ಬಹಳ ಜನರಿಗೆ ಮೂರನೆಯದು ಕೈಬಿಟ್ಟು ಹೋಗುವುದೇ ಇಲ್ಲ. ಆಗ ಹಿಡಿಯುವುದನ್ನೇ ಬಿಟ್ಟು ಮೂರನ್ನೂ ಎಸೆದು ಮಂಚದ ಮೇಲೆ ಬೀಳಲು ಬಿಡಿ, ಬಿದ್ದ ಜಾಗ ನೋಡಿ. ಎಡಗಡೆ ಎರಡು, ಬಲಗಡೆ ಒಂದು, ಮೂರೂ ಮಂಚದ ಅಂಚಿಗೆ ಸಮನಾದ ಒಂದೇ ಸಾಲಿನಲ್ಲಿ ಇರಬೇಕು. ಒಂದು ಉದಾಹರಣೆ ಹೇಳುತ್ತೇನೆ. ಮೊದಲನೆಯದು ಅಂಚಿನಿಂದ ಒಂದು ಗೇಣು, ಎರಡನೆಯದು ಎರಡು ಗೇಣು, ಮೂರನೆಯದು ಮೂರು ಗೇಣು ಆಚೆ ಬಿದ್ದಿದೆ ಅನ್ನಿ. ಮೂರನೆಯದೇ ದೂರ ಹೋಯಿತೆಂದು ಅದನ್ನು ತಿದ್ದಹೊರಟರೆ ಪ್ರಯೋಜನವಿಲ್ಲ. ಜಾರಿಕೆ ಶುರುವಾದದ್ದು ಎರಡನೆಯದರಲ್ಲಿ. ಹಿಡಿಯದಿದ್ದರೂ ಅದರತ್ತ ಕೈ ತಾನಾಗಿ ಮುಂದೆ ಚಾಚುತ್ತದೆ, ಚಾಚಿದ ಕೈಯಿಂದ ಹೊರಟ ಚೆಂಡು ಇನ್ನೂ ಮುಂದೆ ಹೋಗುತ್ತದೆ, ಕಾಲು ಅದರ ಹಿಂದೆ ನಡೆಯುತ್ತದೆ. ಮತ್ತೆ ಎರಡು ಚೆಂಡಿಗೆ ಮರಳಿ, ಈ ಸಲ ಗೋಡೆಯಿಂದ ಒಂದೂವರೆ ಮೊಳ ದೂರದಲ್ಲಿ ನಿಂತು ಮಾಡಿ. ಮುಂದೆ ಹೋದ ಚೆಂಡು ಗೋಡೆಗೆ ತಾಗಿ ಕೂಡಲೇ ತಿಳಿಸುತ್ತದೆ.

ಸಾಲು ಸರಿಯಾದ ಮೇಲೆ ಮೂರನ್ನೂ ಹಿಡಿದು ನಿಲ್ಲಿ. ಬಳಿಕ ನಾಲ್ಕು ಎಸೆತ, ಐದು, ಆರು, ಪ್ರತಿ ಸಲವೂ ಎಲ್ಲ ಚೆಂಡು ಕೈಯಲ್ಲಿರುವಂತೆ ನಿಲ್ಲಿಸಿ.

ತಾರಸಿಗೆ ಹೋಗುವುದಾದರೆ ಕಡಲಗಾಳಿ ಏಳುವ ಮೊದಲು, ಬೆಳಿಗ್ಗೆ ಹೋಗಿ. ಪಶ್ಚಿಮಕ್ಕೆ ಮುಖ ಮಾಡಿದರೆ ಬಿಸಿಲು ಬೆನ್ನಿಗಿರುತ್ತದೆ. ಕೈಪಿಡಿ ಗೋಡೆಯ ಹತ್ತಿರ ಬೇಡ, ನಡುವೆ ನಿಲ್ಲಿ. ಚೆಂಡಿನ ಮೇಲೆ ಕಣ್ಣಿಟ್ಟವರಿಗೆ ಕಾಲು ಎಲ್ಲಿದೆ ಎಂಬುದು ತಿಳಿಯುವುದಿಲ್ಲ. ಮಳೆಗಾಲದಲ್ಲಿ ಹಾಸುಂಬು ಕಟ್ಟಿದ ತಾರಸಿಗಂತೂ ಹೋಗಲೇಬೇಡಿ, ಕೋಣೆಯ ಮಂಚದ ಅಂಚೇ ಇರಲಿ. ನಮಸ್ಕಾರ.