ಟೆಸ್ಟ್‌ನಲ್ಲಿ 0.931, ಬೇರೆ ಆಸ್ಪತ್ರೆಯಲ್ಲಿ 0.815: ಇಂಟರ್ವ್ಯೂನಲ್ಲಿ ಏನಂತ ಹೇಳ್ತೀರಿ?

ನಮಸ್ಕಾರ. ಮಶೀನ್ ಲರ್ನಿಂಗ್ ಕೆಲಸದ ಇಂಟರ್ವ್ಯೂಗೆ ತಯಾರಾಗ್ತಿರೋ ವೀಕ್ಷಕರೊಬ್ಬರು ಕೇಳಿದ್ರು: "ಟ್ರೈನಿಂಗ್ ಸ್ಕೋರ್ ಚೆನ್ನಾಗಿದೆ, ಟೆಸ್ಟ್ ಸ್ಕೋರೂ ಚೆನ್ನಾಗಿದೆ, ಆದ್ರೂ ಹೊರಗೆ ಹೋದ್ಮೇಲೆ ಮಾಡೆಲ್ ಕೈ ಕೊಡ್ತು. ಇದು ಓವರ್‌ಫಿಟ್ಟಿಂಗಾ?"

ಟ್ರೈನಿಂಗ್‌ನಲ್ಲಿ ಮೇಲೆ, ಟೆಸ್ಟ್‌ನಲ್ಲಿ ಕೆಳಗೆ ಇದ್ರೆ ಓವರ್‌ಫಿಟ್ಟಿಂಗ್. ಅದು ನಿಮಗೆಲ್ಲ ಗೊತ್ತು, ಮುಂದೆ ಹೋಗೋಣ. ಇಲ್ಲಿ ಟೆಸ್ಟ್ ಕೂಡ ಮೋಸ ಹೋಗಿದೆ. ಇದಕ್ಕೆ ನಾನು ನೋಡಿರೋ ಅತ್ಯುತ್ತಮ ಉದಾಹರಣೆ 2018ರಲ್ಲಿ ಪಿಎಲ್‌ಒಎಸ್ ಮೆಡಿಸಿನ್ ಪತ್ರಿಕೆಯಲ್ಲಿ ಜಾನ್ ಝೆಕ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ.

[ತೆರೆಯ ಮೇಲೆ: ಎದೆಯ ಎಕ್ಸ್‌ರೇ, ಮೂಲೆಯಲ್ಲಿ 'L' ಗುರುತು]

ಎದೆಯ ಎಕ್ಸ್‌ರೇ ನೋಡಿ ನ್ಯುಮೋನಿಯಾ ಇದೆಯಾ ಅಂತ ಹೇಳೋ ಮಾಡೆಲ್ ಅದು. ನ್ಯೂಯಾರ್ಕ್‌ನ ಮೌಂಟ್ ಸಿನಾಯ್ ಆಸ್ಪತ್ರೆ ಮತ್ತು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಎನ್‌ಐಎಚ್, ಎರಡೂ ಕಡೆಯ ಚಿತ್ರಗಳನ್ನ ಸೇರಿಸಿ ಕಲಿಸಿದ್ರು. ಅದೇ ಎರಡು ಕಡೆಯ ಹೊಸ ಚಿತ್ರಗಳ ಮೇಲೆ ಎಯುಸಿ ಅನ್ನೋ ಅಂಕ 0.931 ಬಂತು, ಅದೇನಂತ ಮುಂದೆ ಹೇಳ್ತೀನಿ. ಕಲಿಸುವಾಗ ಬಳಸದೇ ಇದ್ದ ಇಂಡಿಯಾನಾ ರಾಜ್ಯದ ಚಿತ್ರಗಳ ಮೇಲೆ 0.815ಕ್ಕೆ ಇಳೀತು.

ಯಾಕೆ? ಮೌಂಟ್ ಸಿನಾಯ್ ಚಿತ್ರಗಳಲ್ಲಿ ನೂರಕ್ಕೆ ಸುಮಾರು 34ರಲ್ಲಿ ನ್ಯುಮೋನಿಯಾ ಇತ್ತು. ಎನ್‌ಐಎಚ್‌ನಲ್ಲಿ ನೂರಕ್ಕೆ ಒಂದು ಚಿಲ್ಲರೆ. ಅಂದ್ರೆ ಚಿತ್ರ ಎಲ್ಲಿಂದ ಬಂತು ಅಂತ ಗೊತ್ತಾದ್ರೆ ಸಾಕು, ಶ್ವಾಸಕೋಶದ ಕಡೆ ಕಣ್ಣೆತ್ತಿ ನೋಡೋದೇ ಬೇಡ.

ಇಲ್ಲಿ ಸ್ವಲ್ಪ ನಿಲ್ತೀನಿ, ಯಾಕಂದ್ರೆ ನನ್ನ ನಿದ್ದೆ ಕೆಡಿಸಿದ್ದು ಈ ಮಾತು. ಎಯುಸಿ ಅಂದ್ರೇನು? ಕಾಯಿಲೆ ಇರೋರ ಒಂದು ಚಿತ್ರ, ಇಲ್ಲದೋರ ಒಂದು ಚಿತ್ರ ಕಣ್ಮುಚ್ಚಿ ಎತ್ಕೊಳ್ಳಿ. ಕಾಯಿಲೆ ಇರೋರಿಗೆ ಮಾಡೆಲ್ ಹೆಚ್ಚು ಅಂಕ ಕೊಟ್ರೆ ಅದು ಗೆದ್ದಂಗೆ, ಸಮ ಆದ್ರೆ ಅರ್ಧ ಗೆಲುವು. ಈಗ ಆಸ್ಪತ್ರೆ ಮಾತ್ರ ನೋಡಿ ಆಡೋಣ: ಮೌಂಟ್ ಸಿನಾಯ್ ಆದ್ರೆ 1, ಎನ್‌ಐಎಚ್ ಆದ್ರೆ 0. ಕಾಯಿಲೆ ಇರೋ ಚಿತ್ರಗಳಲ್ಲಿ ಹೆಚ್ಚಿನವು ಮೌಂಟ್ ಸಿನಾಯ್‌ವು, ಇಲ್ಲದವು ಹೆಚ್ಚಾಗಿ ಎನ್‌ಐಎಚ್‌ವು. ಇಷ್ಟರಲ್ಲೇ ಎಯುಸಿ 0.861! ಎಕ್ಸ್‌ರೇಯನ್ನ ಒಮ್ಮೆಯೂ ನೋಡದೆ ಬಂದ ಅಂಕ ಅದು.

ಮಾಡೆಲ್‌ಗೆ ಆಸ್ಪತ್ರೆ ಗೊತ್ತಾಗೋದು ಹೇಗೆ? ಎಡ, ಬಲ ತೋರಿಸೋಕೆ ಟೆಕ್ನಿಷಿಯನ್ ಇಡೋ ಲೋಹದ ಅಕ್ಷರ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆ. ಇದನ್ನ ಪರೀಕ್ಷಿಸೋಕೆ ಝೆಕ್ ತಂಡದವರು ರೋಗ ಬಿಟ್ಟು ಆಸ್ಪತ್ರೆಯನ್ನೇ ಊಹಿಸೋ ಮಾಡೆಲ್ ಕಲಿಸಿದ್ರು. ಅದು ಹೆಚ್ಚುಕಡಿಮೆ ಪ್ರತಿ ಚಿತ್ರವನ್ನೂ ಸರಿಯಾಗಿ ಗುರುತಿಸ್ತು. ಈ ಪರೀಕ್ಷೆಯನ್ನ ಇಂಟರ್ವ್ಯೂನಲ್ಲಿ ಹೇಳಿ. ಓವರ್‌ಫಿಟ್ಟಿಂಗ್ ತಡೆಯೋ ಡ್ರಾಪ್‌ಔಟ್ ಹಾಕ್ತೀನಿ ಅನ್ನೋದು ಇಲ್ಲಿ ಉತ್ತರ ಆಗಲ್ಲ, ಆ ಗುರುತು ಟೆಸ್ಟ್ ಚಿತ್ರಗಳಲ್ಲೂ ಇದೆ. ಒಂದು ಆಸ್ಪತ್ರೆಯನ್ನ ಪೂರ್ತಿ ಹೊರಗಿಟ್ಟು ಅಳೀಬೇಕು:

```python
from sklearn.model_selection import LeaveOneGroupOut, cross_val_score

scores = cross_val_score(model, X, y, groups=hospital,
                         cv=LeaveOneGroupOut(),
                         scoring="roc_auc")
```

ಆಸ್ಪತ್ರೆ ಮೂರೇ ಇದ್ರೆ ಬರೋದು ಮೂರೇ ಅಂಕ. ಸರಾಸರಿ ಹೇಳ್ಬೇಡಿ, ಮೂರನ್ನೂ ಹೇಳಿ.

ಸಮಯ ಓಡ್ತಿದೆ, ಕೊನೇ ಪ್ರಶ್ನೆ: "ಇದನ್ನ ಆಸ್ಪತ್ರೆಯ ಆಡಳಿತಾಧಿಕಾರಿಗೆ ಹೇಗೆ ವಿವರಿಸ್ತೀರಿ?" ಎಯುಸಿ ಅನ್ನೋ ಪದವನ್ನೇ ಎತ್ತಬೇಡಿ. 0.93 ಅಂದ ತಕ್ಷಣ ಅವರು "ನೂರರಲ್ಲಿ 93 ಸರಿ" ಅಂದ್ಕೋತಾರೆ. ಜನರ ಲೆಕ್ಕದಲ್ಲಿ ಹೇಳಿ.

ಮಾಡೆಲ್ ಕಾಯಿಲೆ ಇರೋ ಹತ್ತು ಜನರಲ್ಲಿ ಒಂಬತ್ತು ಜನರನ್ನ ಹಿಡಿಯುತ್ತೆ, ಇಲ್ಲದ ಹತ್ತರಲ್ಲಿ ಒಬ್ಬರನ್ನ ತಪ್ಪಾಗಿ ಹಿಡಿಯುತ್ತೆ ಅಂತಿಟ್ಕೊಳ್ಳಿ. ಸಾವಿರ ಜನರಲ್ಲಿ 340 ಜನಕ್ಕೆ ಕಾಯಿಲೆ ಇರೋ ಕಡೆ, ಅದು ಎಚ್ಚರಿಸೋದು 372 ಜನರ ಬಗ್ಗೆ, ಅದರಲ್ಲಿ 306 ನಿಜ. ಹತ್ತೇ ಜನಕ್ಕೆ ಇರೋ ಕಡೆ 108 ಜನರ ಬಗ್ಗೆ ಎಚ್ಚರಿಸುತ್ತೆ, ನಿಜ ಒಂಬತ್ತು ಮಾತ್ರ. ಮಾಡೆಲ್ ಅದೇ, ಒಂದಿಷ್ಟೂ ಬದಲಾಗಿಲ್ಲ.

ಆಮೇಲೆ ಅವರನ್ನೇ ಕೇಳಿ: "ಸರ್, ನಿಮ್ಮ ಆಸ್ಪತ್ರೆಗೆ ಬರೋ ಸಾವಿರ ಜನರಲ್ಲಿ ಎಷ್ಟು ಜನಕ್ಕೆ ನ್ಯುಮೋನಿಯಾ ಇರುತ್ತೆ? ಸುಮ್ಮನೆ ಎಚ್ಚರಿಸಿದ ಆ 99 ಜನರನ್ನ ಮತ್ತೆ ನೋಡೋಕೆ ನಿಮ್ಮ ಹತ್ರ ಡಾಕ್ಟರ್ ಇದಾರಾ?"