ನಾಲ್ಕು ಮಂದಿ, 24 ತಾಸು: ನಮ್ಮ ಮೆಡಿಕಲ್ ಅಂಗಡಿ ಪಾಳಿ ಲೆಕ್ಕ

ನಮಸ್ಕಾರ್ರಿ ಎಲ್ಲರಿಗೂ. ಈಗ ವಿಜಯಪುರದಾಗ ಮುಂಜಾನೆ ಐದೂವರೆ, ಹೊರಗ ಇನ್ನೂ ಕತ್ತಲ ಐತಿ, ಚಾದಂಗಡಿಯವ್ರು ಈಗಷ್ಟ ಸ್ಟೋವ್ ಹಚ್ಚಾಕತ್ತಾರ. ನಾ ಕೆಲಸ ಮಾಡೋ ಮೆಡಿಕಲ್ ಅಂಗಡಿ ದವಾಖಾನಿ ಎದುರಿಗೇ ಐತಿ, ಶಟರ್ ಯಾವಾಗ್ಲೂ ಇಳಿಯಂಗಿಲ್ಲ. ಫಾರ್ಮಾಸಿಸ್ಟ್ ನಾವು ನಾಲ್ಕು ಮಂದಿ: ನಾನು, ಕಾಕಾ, ಭಾಯಿ, ತಿಕೋಟಾದಿಂದ ಬರೋ ತಮ್ಮ. ಚೀಟಿ ಮ್ಯಾಲ ಕೊಡೋ ಔಷಧಕ್ಕ ರಜಿಸ್ಟರ್ಡ್ ಫಾರ್ಮಾಸಿಸ್ಟ್ ಕೌಂಟರ್‌ದಾಗ ಇರಲೇಬೇಕು, ಹಂಗಾಗಿ ರಾತ್ರಿ ಹುಡುಗನ್ನ ಕೂಡ್ರಿಸಿ ನಾವು ಮನಿಗೆ ಹೋಗಾಕ ಬರಂಗಿಲ್ಲ.

ಮೊದಲು ಮೂರ ಮಂದಿ ಇದ್ವಿ. ಮಾಲೀಕರು ಮೂರು ಪಾಳಿಗೆ ಮೂರು ಮಂದಿ ಸಾಕಲ್ಲಾ ಅಂತಿದ್ರು, ಕೇಳಾಕ ಸರಿ ಅನಸ್ತೈತಿ, ಆದ್ರ ವಾರಕ್ಕ 168 ತಾಸು ಆಗತಾವ್ರಿ, ಮೂರು ಮಂದಿಗೆ ಹಂಚಿದ್ರ ಒಬ್ಬಗ 56 ತಾಸು, ಏಳೂ ದಿನ ಕೆಲಸ, ಒಂದ್ ಸೂಟಿನೂ ಇಲ್ಲ. ನಮ್ಮ ರಾಜ್ಯದ 1961ರ ಅಂಗಡಿ ಕಾಯ್ದೆ ವಾರಕ್ಕ 48 ತಾಸು ಅಂತ ಗೆರಿ ಹಾಕೈತಿ. 168ಕ್ಕ 48ರಿಂದ ಭಾಗ ಮಾಡಿದ್ರ ಮೂರೂವರೆ ಬರತೈತಿ, ಅರ್ಧ ಮನುಷ್ಯಾ ಸಿಗಂಗಿಲ್ಲ, ಅಂದ್ರ ನಾಲ್ಕು ಮಂದಿ ಬೇಕ ಬೇಕು. ಇದನ್ನ ಒಂದು ಕಾಗದದ ಮ್ಯಾಲ ಬರದು ತೋರಿಸಿದ ಮ್ಯಾಲ ಮಾಲೀಕರು ಒಪ್ಪಿದ್ರು.

ನಾಲ್ಕು ಮಂದಿ ಆದ ಮ್ಯಾಲನೂ ಜಗಳ ನಿಲ್ಲಲಿಲ್ಲ. ಚಾರ್ಟ್ ವಾರದ ಲೆಕ್ಕದಾಗ ಬರೀತಿದ್ವಿ, ಯಾರ್ ಮೊದಲು ಕೇಳತಾರೋ ಅವರಿಗೆ ರವಿವಾರ, ಯಾರ್ ಸುಮ್ನ ಇರತಾರೋ ಅವರಿಗೆ ರಾತ್ರಿ. ತಮ್ಮ ಸುಮ್ನ ಇರೋ ಹುಡುಗ, ರಾತ್ರಿ ಪಾಳಿ ಜಾಸ್ತಿ ಅವನ ತಲಿಗೇ ಬಂತು.

ನನ್ನ ಕೈಯಾಗ ಆದದ್ದೂ ಹೇಳಬೇಕು. ಒಂದಿನ ನನ್ನ ಪಾಳಿ ರಾತ್ರಿ ಹತ್ತಕ್ಕ ಮುಗೀತು, ಮರುದಿನ ಮುಂಜಾನೆ ಆರಕ್ಕ ಮತ್ತ ನಂದೇ. ಮನಿಗೆ ಹೋಗಿ, ಊಟ ಮಾಡಿ, ಅಡ್ಡಾಗೂದ್ರಾಗ ಹನ್ನೆರಡಾತು, ಐದಕ್ಕ ಎದ್ದು ಬಂದೆ. ಆರೂವರೆಕ್ಕ ಒಬ್ರು ಅವ್ವಗ ಸಕ್ಕರಿ ಗುಳಿಗಿ ಒಯ್ಯಾಕ ಬಂದ್ರು, ಚೀಟಿಯಾಗ ಗ್ಲಿಮೆಪಿರೈಡ್ 1 ಐತಿ, ನಾ 2ರ ಸ್ಟ್ರಿಪ್ ಕೊಟ್ಟೆ. ಅವರ ತಿರುವಿ ನೋಡಿ, "ಅಣ್ಣಾರ, ನಮ್ಮವ್ವಗ ಒಂದರದು ಕೊಡ್ತಿದ್ರಲ್ರೀ" ಅಂದ್ರು. ಎರಡು ಪಟ್ಟು ಡೋಸ್, ವಯಸ್ಸಾದವ್ರಿಗೆ ಸಕ್ಕರಿ ಒಮ್ಮೆಲೇ ಇಳದಿದ್ರ ಏನ ಗತಿ. ಕೈ ನಡಗಿತ್ರಿ ನನಗ. ಅವತ್ತ ಸಂಜಿಕ ಗುಳಿಗಿ ಡಬ್ಬಿ ರಟ್ಟು ಹರದು ಅದರ ಹಿಂದ ಹೊಸಾ ಚಾರ್ಟ್ ಬರಿಯಾಕ ಕುಂತೆ.

ಅದು ಹಿಂಗ ಐತಿ ನೋಡ್ರಿ, ಬಾಯಿಪಾಠ ಆಗೂವಂಗ: ಮು-ಮು, ಮ-ಮ, ರಾ-ರಾ, ಸೂ-ಸೂ. ಎರಡು ದಿನ ಮುಂಜಾನೆ ಆರರಿಂದ ಎರಡು, ಎರಡು ದಿನ ಮಧ್ಯಾಹ್ನ ಎರಡರಿಂದ ಹತ್ತು, ಎರಡು ದಿನ ರಾತ್ರಿ ಹತ್ತರಿಂದ ಆರು, ಆಮೇಲೆ ಎರಡು ದಿನ ಸೂಟಿ. ಒಟ್ಟು ಎಂಟು ದಿನದ ಸುತ್ತು. ನಾ ಒಂದನೇ ದಿನ ಶುರು ಮಾಡಿದ್ರ ಭಾಯಿ ಮೂರನೇ ದಿನ, ಕಾಕಾ ಐದನೇ ದಿನ, ತಮ್ಮ ಏಳನೇ ದಿನ ಶುರು ಮಾಡ್ತಾನ, ಅಂದ್ರ ಎಲ್ಲಾರೂ ಎರಡೆರಡು ದಿನ ಹಿಂದ. ಸುತ್ತು ಒಮ್ಮೆ ಕೂತ ಮ್ಯಾಲ ಯಾವ ದಿನ ಬೆರಳಿಟ್ಟರೂ ಒಬ್ಬ ಮುಂಜಾನೆ, ಒಬ್ಬ ಮಧ್ಯಾಹ್ನ, ಒಬ್ಬ ರಾತ್ರಿ, ಒಬ್ಬ ಮನಿಯಾಗ. ಎಂಟು ದಿನಕ್ಕ 48 ತಾಸು, ವಾರದ ಲೆಕ್ಕಕ್ಕ 42 ಬೀಳ್ತೈತಿ.

ಪಾಳಿ ಮುಂದಕ್ಕ ಸರಿಯೂದು ಮುಖ್ಯ. ಮುಂಜಾನೆ ಪಾಳಿ ಎರಡಕ್ಕ ಬಿಟ್ರ ಮುಂದಿನ ಪಾಳಿ ಮರುದಿನ ಎರಡಕ್ಕ, ಪೂರಾ 24 ತಾಸು ನಡುವ ಸಿಗತಾವ. ಇದನ್ನ ಉಲ್ಟಾ ತಿರುಗಿಸಿದ್ರ, ಮಧ್ಯಾಹ್ನದಿಂದ ಮುಂಜಾನಿಗೆ ಬರಬೇಕಾದ್ರ ಎಂಟ ತಾಸು ಉಳೀತಾವ, ನನ್ನ ಸ್ಟ್ರಿಪ್ ತಪ್ಪಿದ್ದು ಅದೇ ಎಂಟು ತಾಸಿನ ಆಟ.

ಇನ್ನ ರವಿವಾರ. ಸುತ್ತು ಎಂಟು ದಿನದ್ದು, ವಾರ ಏಳು ದಿನದ್ದು, ಹಿಂಗಾಗಿ ಸೂಟಿ ಪ್ರತಿ ಸಲ ಒಂದೊಂದ್ ದಿನ ಮುಂದ ಹೋಗತೈತಿ. ಈ ಸಲ ಶನಿವಾರ-ರವಿವಾರ ಇದ್ರ ಮುಂದಿನ ಸಲ ರವಿವಾರ-ಸೋಮವಾರ. ಎಂಟು ವಾರದಾಗ ಎಲ್ಲಾರಿಗೂ ಎರಡೆರಡು ರವಿವಾರ ಸೂಟಿ, ಯಾರೂ ಕೇಳೂದು ಬ್ಯಾಡ, ಕಾಡೂದು ಬ್ಯಾಡ. ಆದ್ರ ಖರೇ ಹೇಳ್ತೀನಿ, ಆ ಎರಡರಾಗ ಒಂದು ರವಿವಾರ ಅರ್ಧಂಬರ್ಧ, ಯಾಕಂದ್ರ ಸೂಟಿ ಮೊದಲ್ನೇ ದಿನ ಮುಂಜಾನೆ ಆರಕ್ಕ ರಾತ್ರಿ ಪಾಳಿ ಬಿಟ್ಟು ಮನಿಗೆ ಹೋಗಿ ಮಧ್ಯಾಹ್ನತನಕ ಮಲಗೂದ ಆಗತೈತಿ. ಮತ್ತ ಆ ಎರಡು ರವಿವಾರ ಮುಗಿದ್ವು ಅಂದ್ರ ಆರು ವಾರ ರವಿವಾರ ಇಲ್ಲ. ಸಣ್ಣ ಮಕ್ಕಳಿದ್ದವ್ರಿಗೆ ಇದು ತ್ರಾಸ ಐತಿ, ಭಾಯಿ ಇದನ್ನ ಮೊದಲ್ನೇ ದಿನನೇ ಹೇಳಿದ್ರು, ನನ್ನ ಹತ್ರ ಅದಕ್ಕ ಪೂರಾ ಉತ್ತರ ಇಲ್ರಿ.

ಭಾಳ ತಲಿಕೆಡಿಸಿಕೊಂಡಿದ್ದು ಯಾರಿಗರ ಜ್ವರ ಬಂದ್ರ ಏನ್ ಮಾಡೂದು ಅಂತ, ಯಾಕಂದ್ರ ನಾಲ್ಕು ಮಂದಿಯಾಗ ಹೆಚ್ಚಿನಾವ ಒಬ್ಬನೂ ಇಲ್ಲ. ಸೂಟಿ ಮ್ಯಾಲ ಇದ್ದಾವನ್ನ ಕರೀಬೇಕು, ಆದ್ರ ಅವಾ ಎಷ್ಟನೇ ಸೂಟಿಯಾಗ ಅದಾನ ಅನ್ನೂದು ನೋಡಬೇಕು. ರಾತ್ರಿ ಪಾಳಿ ಖಾಲಿ ಆತಂದ್ರ ಮೊದಲ್ನೇ ಸೂಟಿಯಾವನ್ನ ಕರೀರಿ, ಮುಂಜಾನೆ ಮಲಗಿ ಎದ್ದಿರತಾನ, ರಾತ್ರಿ ಎಚ್ಚರ ಇರೂದು ರೂಢಿ ಇರತೈತಿ, ಮರುದಿನ ಹೆಂಗೂ ಸೂಟಿ. ಎರಡನೇ ಸೂಟಿಯಾವನ್ನ ಕರದ್ರ ಮುಂಜಾನೆ ಆರಕ್ಕ ರಾತ್ರಿ ಮುಗಿಸಿ ಆರಕ್ಕೇ ಅವನ ಮುಂಜಾನೆ ಪಾಳಿ ಶುರು ಆಗತೈತಿ, ಆಗೂದ ಇಲ್ಲದ್ದು. ಮುಂಜಾನೆ ಖಾಲಿ ಆದ್ರ ಎರಡನೇ ಸೂಟಿಯಾವ.

ಮಧ್ಯಾಹ್ನ ಖಾಲಿ ಆದಾಗ ಇಬ್ಬರ ನಡುವ ಒಡೀತೀವಿ. ಹೋದ ತಿಂಗಳು ಕಾಕಾಗ ಜ್ವರ ಬಂದಾಗ ನಂದು ಎರಡನೇ ಸೂಟಿ ಇತ್ತು, ನಾ ಎರಡರಿಂದ ಎಂಟು ನಿಂತೆ, ರಾತ್ರಿ ಪಾಳಿ ಭಾಯಿ ಎರಡು ತಾಸು ಮೊದಲ ಎಂಟಕ್ಕ ಬಂದ್ರು. ಅವರದು ಹತ್ತು ತಾಸು ಆತು, ಅದಕ್ಕಿಂತ ಮ್ಯಾಲ ಹೋಗಬಾರದು ಅಂತ ನಾವ ಗೆರಿ ಹಾಕೊಂಡೀವಿ. ನನಗ ಮುಂಜಾನೆ ಆರರತನಕ ಹತ್ತು ತಾಸು ಸಿಕ್ಕು, ನಿದ್ದಿ ಆತು. ಕರೆಸಿಕೊಂಡ ತಾಸೆಲ್ಲಾ ನೋಟಬುಕ್ಕಿನ್ಯಾಗ ಬರೀತೀವಿ, ಯಾರ್ ಯಾರಿಗೆ ನಿಂತ್ರು, ಯಾವತ್ತ ತೀರಿಸ್ತಾರ, ಇಬ್ಬರ ಸಹಿ, ತಿಂಗಳ ಒಳಗ ತೀರಬೇಕು. ಬಾಯಿಮಾತಿನ ಮ್ಯಾಲ ಬಿಟ್ಟಾಗ ತಮ್ಮನ ತಾಸು ಯಾರೂ ತೀರಿಸ್ತಿರಲಿಲ್ಲ.

ಹಬ್ಬ ಸುತ್ತಿನ ಹೊರಗ ಇಟ್ಟೀವಿ. ವರ್ಷದ ಶುರುವಿಗೆ ಒಬ್ಬೊಬ್ರು ಎರಡು ಹಬ್ಬ ಬರಸ್ತಾರ. ತಮ್ಮಗ ಎಳ್ಳಮಾಸಿ ಬೇಕ ಬೇಕು, ಹೊಲಕ್ಕ ಚರಗ ಚೆಲ್ಲಾಕ ಮನಿಮಂದಿಯೆಲ್ಲಾ ಹೋಗತಾರ. ಕಾಕಾ ಸಂಕ್ರಾಂತಿಗೆ ಸಿದ್ಧೇಶ್ವರ ಜಾತ್ರಿ ಬರಸ್ಯಾರ. ಭಾಯಿಗೆ ಈದ್, ಅದು ಚಂದ್ರ ಕಂಡ ಮ್ಯಾಲ ಗೊತ್ತಾಗೂದು, ಅದಕ್ಕ ಎರಡು ದಿನ ಒಟ್ಟಿಗೇ ಹಿಡದಿಟ್ಟೀವಿ. ಈ ಸಲ ಎಳ್ಳಮಾಸಿ ದಿನ ತಮ್ಮಂದು ಪಾಳಿ ಬಿದ್ದಿತ್ತು, ಭಾಯಿ ನಿಂತ್ರು, ಈದ್ ದಿನ ಭಾಯಿ ಪಾಳಿ ತಮ್ಮ ನಿಲ್ತಾನ ಅಂತ ನೋಟಬುಕ್ಕಿನ್ಯಾಗ ಐತಿ.

ಆರಾಕ ಬಂತ್ರಿ. ಈಗ ನನ್ನ ಎರಡನೇ ರಾತ್ರಿ ಪಾಳಿ ಮುಗೀತೈತಿ. ಇನ್ಸುಲಿನ್ ಫ್ರಿಜ್ ನಾಲ್ಕು ಡಿಗ್ರಿ ತೋರಸಾಕತ್ತೈತಿ, ಬರಕೋತೀನಿ. ಅಗೋ ತಮ್ಮ ಬಂದ, ಕೈಯಾಗ ಎರಡು ಚಾ ಹಿಡಕೊಂಡು.